ತಾರಸಿ ಸೋಲಾರ್: ಓರೆ ಎಷ್ಟಿರಬೇಕು, ಮುಖ ಎತ್ತ ಇರಬೇಕು?

ಬೆಂಗಳೂರಿನ ನಮ್ಮ ಬೀದಿಯ ಒಂದು ಮನೆಯಲ್ಲಿ ಆರು ಪ್ಯಾನೆಲ್ ಹಾಕಿಸಿದ್ದಾರೆ. ಓರೆ ಸರಿಯಾಗಿದೆ, ಮುಖ ದಕ್ಷಿಣಕ್ಕಿದೆ. ಆದರೆ ಡಿಸೆಂಬರಿನಲ್ಲಿ ಮಧ್ಯಾಹ್ನ ಎರಡೂವರೆ ಆಗುತ್ತಿದ್ದಂತೆ ಮೆಟ್ಟಿಲು ಕೋಣೆ ಮೇಲಿನ ನೀರಿನ ಟ್ಯಾಂಕಿನ ನೆರಳು ಬಂದು ಎರಡು ಪ್ಯಾನೆಲ್ ಮೇಲೆ ಮಲಗುತ್ತದೆ. ಡಿಗ್ರಿ ಲೆಕ್ಕ ಹಾಕುವುದಕ್ಕೆ ಅವರು ಒಂದು ವಾರ ತೆಗೆದುಕೊಂಡಿದ್ದರು. ನೆರಳನ್ನು ಮಾತ್ರ ಯಾರೂ ನೋಡಿರಲಿಲ್ಲ. ಇಂಥದ್ದನ್ನು ಮೂರ್ನಾಲ್ಕು ಮನೆಗಳಲ್ಲಿ ಕಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಓರೆ. ನಿಮ್ಮ ಊರಿನ ಅಕ್ಷಾಂಶ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಓರೆ ಸಾಕು. ಬೆಂಗಳೂರು ಸುಮಾರು 13 ಡಿಗ್ರಿ, ಹುಬ್ಬಳ್ಳಿ 15, ಕಲಬುರಗಿ 17. ಬೆಂಗಳೂರು, ಮೈಸೂರಿನ ಕಡೆಯವರಿಗೆ ನನ್ನ ಸಲಹೆ ಒಂದೇ: 12 ಡಿಗ್ರಿ ಇಡಿಸಿ, ಮುಂದಿನ ಕೆಲಸ ನೋಡಿ. ಏಕೆಂದರೆ ಇಲ್ಲಿ ಸೂರ್ಯ ವರ್ಷಪೂರ್ತಿ ತಲೆಯ ಮೇಲೆಯೇ ಓಡಾಡುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ನಟ್ಟನಡು ನೆತ್ತಿಗೇ ಬರುತ್ತಾನೆ. ಹಾಗಾಗಿ ಪೂರ್ತಿ ಚಪ್ಪಟೆಯಾಗಿ ಮಲಗಿಸಿದರೂ ವರ್ಷಕ್ಕೆ ನಷ್ಟವಾಗುವುದು ನೂರಕ್ಕೆ ಎರಡೋ ಮೂರೋ ಯೂನಿಟ್. ದೂರದ ಚಳಿದೇಶಗಳ ವಿಡಿಯೊ ನೋಡಿ 30 ಡಿಗ್ರಿ ಎತ್ತಿಸಿದರೆ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಹೋಗುತ್ತದೆ. ಮೇಲಾಗಿ ಗಾಳಿಯ ಹೊಡೆತಕ್ಕೂ ಪ್ಯಾನೆಲ್ ಹೊತ್ತ ಸ್ಟ್ರಕ್ಚರ್ ಸಿಕ್ಕಿಕೊಳ್ಳುತ್ತದೆ.

ಹಾಗಂತ 10 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಇದು ಬಿಸಿಲಿಗಾಗಿ ಅಲ್ಲ, ಧೂಳಿಗಾಗಿ. ಚಪ್ಪಟೆ ಪ್ಯಾನೆಲ್ಲಿನಲ್ಲಿ ಮಳೆ ನೀರು ಪೂರ್ತಿ ಇಳಿದು ಹೋಗುವುದಿಲ್ಲ. ಗಾಜಿಗಿಂತ ಫ್ರೇಮ್ ಒಂದೆಳೆ ಎತ್ತರ ಇರುತ್ತದಲ್ವಾ, ಅದರ ಕೆಳ ಅಂಚಿಗೆ ನೀರು ತಡೆದು ನಿಂತು ಒಣಗುತ್ತದೆ. ನಾಲ್ಕು ಮಳೆ ಕಳೆದರೆ ಅಲ್ಲಿ ಬೆರಳಗಲದ ಕೆಂಪು ಮಣ್ಣಿನ ಗೆರೆ ಕೂರುತ್ತದೆ. ಕೆಳಸಾಲಿನ ಸೆಲ್‌ಗಳಿಗೆ ಅದೇ ಖಾಯಂ ನೆರಳು.

ಓರೆಯನ್ನು ಅಳೆಯುವುದು ಸುಲಭ. ಮನೆಗಳಿಗೆ ಹಾಕುವ 540 ವ್ಯಾಟಿನ ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ ಇರುತ್ತದೆ. ಉದ್ದಕ್ಕೆ ನಿಲ್ಲಿಸಿದಾಗ ಮೇಲಂಚು ಕೆಳ ಅಂಚಿಗಿಂತ 19 ಇಂಚು ಎತ್ತರ ಇದ್ದರೆ 12 ಡಿಗ್ರಿ ಆಯಿತು. ತಾರಸಿಯ ನೆಲದಿಂದ ಅಳೆಯಬೇಡಿ, ನೀರು ಹರಿಯಲೆಂದು ನೆಲಕ್ಕೇ ಇಳಿಜಾರು ಕೊಟ್ಟಿರುತ್ತಾರೆ. ಗಾರೆಯವರ ಹತ್ತಿರ ಇರುವ ಲೆವೆಲ್ ಟ್ಯೂಬ್‌ಗೆ ನೀರು ತುಂಬಿ ಅದರಿಂದ ಅಳೆಯಿರಿ. ತಿಂಗಳಿಗೊಮ್ಮೆ ಓರೆ ಬದಲಿಸುವ ಕೀಲಿನ ಕಾಲುಗಳನ್ನು ಮಾರುವವರು ಬಂದರೆ ಬೇಡ ಅನ್ನಿ. ಸಿಗುವ ಲಾಭ ಸಣ್ಣದು. ಎರಡನೇ ವರ್ಷದ ಹೊತ್ತಿಗೆ ಬೋಲ್ಟ್ ತುಕ್ಕು ಹಿಡಿದು, ಆ ಕಾಲು ಯಾವುದೋ ಒಂದು ಓರೆಯಲ್ಲೇ ನಿಂತಿರುತ್ತದೆ.

ಇನ್ನು ದಿಕ್ಕು. ದಕ್ಷಿಣ ಒಳ್ಳೆಯದು. ಆದರೆ ಮನೆ ಇಪ್ಪತ್ತು ಮೂವತ್ತು ಡಿಗ್ರಿ ತಿರುಗಿದ್ದರೆ ಪ್ಯಾನೆಲ್ಲನ್ನೂ ಗೋಡೆಯ ಸಾಲಿಗೇ ಕೂರಿಸಿ. ಇಷ್ಟು ಕಡಿಮೆ ಓರೆಯಲ್ಲಿ ಅದರಿಂದ ನೂರಕ್ಕೆ ಒಂದು ಯೂನಿಟ್ಟೂ ಹೋಗುವುದಿಲ್ಲ, ಜಾಗವೂ ಉಳಿಯುತ್ತದೆ. ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸಿದರೆ ನೂರಕ್ಕೆ ನಾಲ್ಕೈದು ಹೋಗಬಹುದು. ಉತ್ತರಕ್ಕೆ ತಿರುಗಿಸಿದರೆ ಅದರ ಎರಡರಷ್ಟು, ಅದಂತೂ ಬೇಡವೇ ಬೇಡ. ಮೊಬೈಲಿನ ದಿಕ್ಸೂಚಿಯನ್ನು ಮಾತ್ರ ತಾರಸಿ ಮೇಲೆ ನಂಬಬೇಡಿ, ಕಾಂಕ್ರೀಟಿನ ಒಳಗಿನ ಕಂಬಿ ಅದನ್ನು ಎಳೆಯುತ್ತದೆ. ಒಂದು ನೂಲಿಗೆ ಕಲ್ಲು ಕಟ್ಟಿ ಇಳಿಬಿಡಿ. ಬೆಂಗಳೂರಿನಲ್ಲಿ ಸೂರ್ಯ ನಡು ಆಕಾಶಕ್ಕೆ ಬರುವುದು 12 ಗಂಟೆಗಲ್ಲ, ಸುಮಾರು 12.20ಕ್ಕೆ. ಚಳಿಗಾಲದಲ್ಲಿ ಆ ಹೊತ್ತಿಗೆ ನೂಲಿನ ನೆರಳು ಬಿದ್ದ ಗೆರೆಯೇ ಉತ್ತರ ದಕ್ಷಿಣ. ನವೆಂಬರಿನಲ್ಲಿ ಈ ಹೊತ್ತು ಕಾಲು ಗಂಟೆ ಮುಂಚೆ, ಫೆಬ್ರವರಿಯಲ್ಲಿ ಕಾಲು ಗಂಟೆ ತಡ.

ಈಗ ನೆರಳು. ಎಲ್ಲರೂ ಎಡವುವುದು ಇಲ್ಲೇ. ಪ್ಯಾನೆಲ್‌ಗಳನ್ನು ಒಂದರ ಹಿಂದೆ ಒಂದರಂತೆ ಸರಪಳಿಯಾಗಿ ಜೋಡಿಸಿರುತ್ತಾರೆ. ಒಂದು ಪ್ಯಾನೆಲ್ಲಿನ ಮೂಲೆಯಲ್ಲಿ ಅಂಗೈ ಅಗಲದ ನೆರಳು ಬಿದ್ದರೂ ಅದರ ಮೂರನೇ ಒಂದು ಭಾಗ ಕೆಲಸ ನಿಲ್ಲಿಸಬಹುದು. ಓರೆ, ದಿಕ್ಕು ಸರಿಮಾಡಿ ಉಳಿಸಿದ್ದೆಲ್ಲ ಈ ಒಂದೇ ನೆರಳಿಗೆ ಹೋಗುತ್ತದೆ.

ನಮ್ಮಲ್ಲಿ ವಾಸ್ತು ನೋಡಿ ಟ್ಯಾಂಕನ್ನು ನೈಋತ್ಯಕ್ಕೆ, ಅದರಲ್ಲೂ ಮೆಟ್ಟಿಲು ಕೋಣೆಯ ನೆತ್ತಿಗೇ ಇಡಿಸುವವರು ತುಂಬಾ ಜನ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮಧ್ಯಾಹ್ನದ ಮೇಲೆ ನೈಋತ್ಯದ ಕಡೆ ಇಳಿಯುತ್ತಾನೆ. ಅಂದರೆ ಟ್ಯಾಂಕಿನ ನೆರಳು ನೇರ ಈಶಾನ್ಯಕ್ಕೆ, ತಾರಸಿಯ ನಟ್ಟನಡುವಿಗೆ ಬರುತ್ತದೆ. ಅದೂ ಮೋಡವಿಲ್ಲದ ಡಿಸೆಂಬರ್, ಜನವರಿಯ ಒಳ್ಳೆಯ ಬಿಸಿಲಿನಲ್ಲಿ.

ಎಷ್ಟು ದೂರ ಬಿಡಬೇಕು? ಸೂರ್ಯ ನಡು ಆಕಾಶಕ್ಕೆ ಬರುವ ಮುಂಚೆ ಮೂರು ಗಂಟೆ, ಆಮೇಲೆ ಮೂರು ಗಂಟೆ ನೆರಳು ಬೀಳದಿದ್ದರೆ ಸಾಕು. ಗಡಿಯಾರದಲ್ಲಿ ಅದು ಬೆಳಿಗ್ಗೆ 9.20ರಿಂದ ಸಂಜೆ 3.20. ಈ ಲೆಕ್ಕಕ್ಕೆ, ಪ್ಯಾನೆಲ್ಲಿನ ಕೆಳ ಅಂಚಿನ ಮಟ್ಟದಿಂದ ಅಡ್ಡ ಬರುವ ವಸ್ತುವಿನ ತುದಿ ಎಷ್ಟು ಎತ್ತರ ಇದೆಯೋ ನೋಡಿ. ಪ್ಯಾನೆಲ್ ಅದರ ಉತ್ತರಕ್ಕಿದ್ದರೆ ಅಷ್ಟೇ ದೂರ ಬಿಡಿ. ಪೂರ್ವಕ್ಕೋ ಪಶ್ಚಿಮಕ್ಕೋ ಇದ್ದರೆ ಇನ್ನೂ ಐದನೇ ಒಂದು ಭಾಗ ಜಾಸ್ತಿ. ದಕ್ಷಿಣಕ್ಕಿದ್ದರೆ ಮೂರನೇ ಒಂದು ಭಾಗ ಸಾಕು. ಏನೂ ಜಾಗ ಬಿಡದೇ ಇರಲಾಗುವುದಿಲ್ಲ, ಏಕೆಂದರೆ ಮೇ, ಜೂನ್, ಜುಲೈನಲ್ಲಿ ಸೂರ್ಯ ನಮ್ಮ ಉತ್ತರಕ್ಕೆ ಹೋಗಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಪ್ಯಾನೆಲ್ಲಿನ ಎರಡು ಸಾಲು ಇದ್ದರೂ ಇದೇ ಲೆಕ್ಕ: ಮುಂದಿನ ಸಾಲಿನ ಮೇಲಂಚು 19 ಇಂಚು ಎತ್ತರ ಇದ್ದರೆ ಹಿಂದಿನ ಸಾಲಿಗೆ 19 ಇಂಚು ಜಾಗ.

ಆ ನೆರೆಮನೆಗೇ ಇದನ್ನು ಹಾಕಿ ನೋಡೋಣ. 30×40 ಸೈಟು, ಉದ್ದ ಉತ್ತರ ದಕ್ಷಿಣಕ್ಕೆ. ನೈಋತ್ಯ ಮೂಲೆಯಲ್ಲಿ 12 ಅಡಿ ಉದ್ದ, 8 ಅಡಿ ಅಗಲದ ಮೆಟ್ಟಿಲು ಕೋಣೆ. ಟ್ಯಾಂಕಿನ ಮುಚ್ಚಳ ತಾರಸಿಯಿಂದ 13 ಅಡಿ ಮೇಲಿದೆ. ಪ್ಯಾನೆಲ್ಲಿನ ಕೆಳ ಅಂಚು ಒಂದೂವರೆ ಅಡಿ ಎತ್ತರದಲ್ಲಿದೆ, ಅದನ್ನು ಕಳೆದರೆ ಹನ್ನೊಂದೂವರೆ. ಅಂದರೆ ಕೋಣೆಯಿಂದ ಉತ್ತರಕ್ಕೆ ಹನ್ನೊಂದೂವರೆ ಅಡಿ, ಪೂರ್ವಕ್ಕೆ ಸುಮಾರು 14 ಅಡಿ ಬಿಡಬೇಕು. 40ರಲ್ಲಿ ಕೋಣೆಯ 12, ನೆರಳಿನ ಹನ್ನೊಂದೂವರೆ ಕಳೆದರೆ ಉತ್ತರದ ತುದಿಯಲ್ಲಿ ಹದಿನಾರೂವರೆ ಅಡಿ ಉಳಿಯುತ್ತದೆ. ಆರು ಪ್ಯಾನೆಲ್ಲನ್ನು ಅಕ್ಕಪಕ್ಕ ನಿಲ್ಲಿಸಿದರೆ ಸುಮಾರು 23 ಅಡಿ ಅಗಲ, ಏಳೂವರೆ ಅಡಿ ಆಳ. ಆರಾಮಾಗಿ ಹಿಡಿಯುತ್ತದೆ, ತೊಳೆಯಲು ಓಡಾಡುವ ಜಾಗವೂ ಇರುತ್ತದೆ. ಅವರು ಕೇಬಲ್ ಉಳಿಸಲೆಂದು ಕೋಣೆಯ ಪಕ್ಕಕ್ಕೇ ಕೂರಿಸಿದ್ದರು.

ಪಕ್ಕದ ಮನೆಯ ಗೋಡೆ, ತೆಂಗಿನ ಮರಕ್ಕೂ ಇದೇ ಅಳತೆ. ಸಾಧ್ಯವಾದರೆ ಡಿಸೆಂಬರ್ 20ರ ಆಸುಪಾಸು ಒಂದು ದಿನ ಸುಣ್ಣದ ಕಡ್ಡಿ ಹಿಡಿದು 9.20ಕ್ಕೆ, 12.20ಕ್ಕೆ, 3.20ಕ್ಕೆ ತಾರಸಿಗೆ ಹತ್ತಿ, ನೆರಳಿನ ಅಂಚಿಗೆ ಗೆರೆ ಎಳೆಯಿರಿ. ನೆಲದ ಮೇಲಿನ ಗೆರೆ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ, ಅದು ಒಳ್ಳೆಯದೇ. ಜೂನ್ ತಿಂಗಳ ನೆರಳಿಗೆ ಮೇಲಿನ ಮೂರನೇ ಒಂದರ ಲೆಕ್ಕ ಹಾಕಿ ಇನ್ನೊಂದು ಗೆರೆ ಎಳೆಯಿರಿ. ಫಿಟ್ಟಿಂಗ್‌ನವರು ತಾರಸಿಗೆ ಡ್ರಿಲ್ ಹಾಕುವ ಮುಂಚೆ ಅವರನ್ನು ಆ ಗೆರೆಗಳ ಹತ್ತಿರ ಕರೆದುಕೊಂಡು ಹೋಗಿ, ಕಾಲುಗಳು ಎಲ್ಲಿ ಬರುತ್ತವೆ ಎಂದು ಅಲ್ಲೇ ಗುರುತು ಹಾಕಿಸಿ.