ಹಾಳೆ ತಟ್ಟೆ, ಘನ ಅಡಿ ಮತ್ತು 180 ದಿನ: ವೇರ್‌ಹೌಸಿನಿಂದ ಸ್ಟಾಕ್ ವಾಪಸ್ ತರಿಸಿಕೊಂಡ ನನ್ನ ಅನುಭವ

ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಅಡಿಕೆ ಹಾಳೆ ತಟ್ಟೆಯ ಘಟಕ ಇದೆ. ಹಾಳೆ ಸಿಗುವುದು, ಒಣಗುವುದು, ಪ್ರೆಸ್ ಓಡುವುದು ಎಲ್ಲ ಬೇಸಿಗೆಯಲ್ಲಿ. ಜೂನ್ ಹಿಡಿದ ಮೇಲೆ ಇಲ್ಲಿನ ಗೋದಾಮಿನಲ್ಲಿ ತಟ್ಟೆ ಇಟ್ಟರೆ ಬೂಸ್ಟು ಬರುತ್ತದೆ. ಹಾಗಾಗಿ ಆನ್‌ಲೈನ್‌ನಲ್ಲಿ ಮಾರುವ ನಮ್ಮ ಕಡೆಯವರೆಲ್ಲ ಮಾಡುವುದು ಒಂದೇ: ಮಳೆ ಶುರುವಾಗುವ ಮೊದಲು ಬೆಂಗಳೂರಿನ ಹೊರವಲಯದಲ್ಲಿರುವ ಮಾರ್ಕೆಟ್‌ಪ್ಲೇಸ್ ವೇರ್‌ಹೌಸಿಗೆ ಆದಷ್ಟು ಸ್ಟಾಕ್ ಕಳಿಸಿಬಿಡುವುದು. ಅಲ್ಲಿ ಒಣ ಜಾಗ, ಆರ್ಡರ್ ಬಂದರೆ ಅವರೇ ಪ್ಯಾಕ್ ಮಾಡಿ ಕಳಿಸುತ್ತಾರೆ. ನಾನೂ ಮೇ ಮೊದಲ ವಾರದಲ್ಲಿ ಕಳಿಸಿದೆ. ಆ ಲಾಟಿನಲ್ಲಿ ಒಂದು ಐಟಂ ನಿಧಾನಕ್ಕೆ ಹೋಗುವಂಥದ್ದಿತ್ತು: 12 ಇಂಚಿನ ಚೌಕದ ಪಾರ್ಟಿಷನ್ ತಟ್ಟೆ, 25ರ ಪ್ಯಾಕ್, ಒಟ್ಟು 160 ಪ್ಯಾಕ್. ಅದನ್ನು ಯಾವಾಗ, ಎಷ್ಟು ವಾಪಸ್ ತರಿಸಬೇಕು ಎಂದು ಹೇಗೆ ಲೆಕ್ಕ ಹಾಕಿದೆ ಎನ್ನುವುದಷ್ಟೇ ಈ ಬರಹ.

ಮೊದಲು ಜಾಗದ ಲೆಕ್ಕ. ವೇರ್‌ಹೌಸಿನ ಬಾಡಿಗೆ ತೂಕಕ್ಕಲ್ಲ, ಗಾತ್ರಕ್ಕೆ. ಪ್ಯಾಕಿನ ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಗುಣಿಸಿ 1728ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ದುಂಡು ತಟ್ಟೆಗಳು ಒಂದರೊಳಗೊಂದು ಚೆನ್ನಾಗಿ ಕೂರುತ್ತವೆ. ಪಾರ್ಟಿಷನ್ ತಟ್ಟೆ ಹಾಗಲ್ಲ. ಹಾಳೆಯ ದಪ್ಪ ಒಂದೊಂದರಲ್ಲಿ ಒಂದೊಂದು ಥರ, ನಡುವಿನ ಗೋಡೆಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಹಾಗಾಗಿ 25 ತಟ್ಟೆ ಪೇರಿಸಿದರೆ 9 ಇಂಚು ಎತ್ತರ ಬರುತ್ತದೆ. 12 × 12 × 9 ಅಂದರೆ 1296, ಅಂದರೆ ಮುಕ್ಕಾಲು ಘನ ಅಡಿ. ತೂಕ ಹಗುರ, ಜಾಗ ಭಾರೀ. ಇಂಥ ಸರಕಿಗೇ ಸ್ಟೋರೇಜ್ ಫೀ ಜೋರಾಗಿ ಹೊಡೆಯುವುದು.

ಬಿಲ್ಲು ಬಂದಾಗ ನಾನು ಮೊದಲು ನೋಡುವುದು ಮೊತ್ತವನ್ನಲ್ಲ, ಅವರು ಹಿಡಿದಿರುವ ಗಾತ್ರವನ್ನು. ತಿಂಗಳ ವರದಿಯಲ್ಲಿ ಐಟಂವಾರು ಸರಾಸರಿ ಎಷ್ಟು ಪ್ಯಾಕ್ ಇತ್ತು, ಒಟ್ಟು ಎಷ್ಟು ಘನ ಅಡಿ ಆಯಿತು ಎರಡೂ ಇರುತ್ತವೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೋಡಿ. ನನಗೆ ಒಮ್ಮೆ 0.75 ಬರಬೇಕಾದ ಕಡೆ 0.92 ಬಂತು. ಅವರು ಅಳೆದ ಪ್ಯಾಕಿನ ಪ್ಲಾಸ್ಟಿಕ್ ಕವರ್ ಉಬ್ಬಿ, ಎತ್ತರ 11 ಇಂಚು ಎಂದು ದಾಖಲಾಗಿತ್ತು. ಟೇಪ್ ಹಿಡಿದು ಮೂರೂ ಕಡೆ ಫೋಟೋ ತೆಗೆದು ಮರು ಅಳತೆಗೆ ಕೇಳಿದೆ, ಸರಿಯಾಯಿತು. ಇದು ಸರಿಯಾಗದೆ ಮುಂದಿನ ಯಾವ ಲೆಕ್ಕವೂ ಸರಿ ಬರುವುದಿಲ್ಲ. ಈಗ ಕವರಿನ ಮೇಲೆ ಎರಡು ಪಟ್ಟಿ ಬಿಗಿಸಿಯೇ ಕಳಿಸುತ್ತೇನೆ.

ಇನ್ನು ವಯಸ್ಸಿನ ಸರ್‌ಚಾರ್ಜ್. ಸರಕು ಇಂತಿಷ್ಟು ದಿನ ದಾಟಿತು ಎಂದರೆ ಮಾಮೂಲಿ ಬಾಡಿಗೆಯ ಮೇಲೆ ಇನ್ನೊಂದು ಹೊರೆ ಬೀಳುತ್ತದೆ. ನನ್ನ ವಿಷಯದಲ್ಲಿ ಆ ಗಡಿ 180 ದಿನ. ಇಲ್ಲಿ ತಿಳಿದಿರಬೇಕಾದದ್ದು, ವಯಸ್ಸನ್ನು ಪುಸ್ತಕದಲ್ಲಿ ಎಣಿಸುತ್ತಾರೆ, ರ‍್ಯಾಕಿನಲ್ಲಲ್ಲ. ಯಾವ ಪ್ಯಾಕ್ ಕೈಗೆ ಸಿಕ್ಕಿ ಗ್ರಾಹಕರಿಗೆ ಹೋದರೂ ಮೊದಲು ಬಂದದ್ದೇ ಮೊದಲು ಹೋಯಿತು ಎಂದು ಲೆಕ್ಕ. ಆಗಸ್ಟಿನಲ್ಲಿ ನಾನು ಇನ್ನೊಂದಿಷ್ಟು ಕಳಿಸಿದ್ದರೂ ಆಮೇಲಿನ ಮಾರಾಟವೆಲ್ಲ ಮೇ ತಿಂಗಳ ಲಾಟಿಗೇ ಜಮೆ ಆಗುತ್ತಿತ್ತು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಮೇ ಲಾಟಿನಲ್ಲಿ 180ನೇ ದಿನಕ್ಕೆ ಎಷ್ಟು ಉಳಿಯುತ್ತದೆ?

ತಿಂಗಳಿಗೆ ಸರಾಸರಿ 14 ಪ್ಯಾಕ್ ಹೋಗುತ್ತಿತ್ತು. ಈ ಸರಾಸರಿ ತೆಗೆಯುವಾಗ ಗಣಪತಿ ಹಬ್ಬದ ವಾರವನ್ನು ಬಿಟ್ಟೆ. ಆ ವಾರದ ಮಾರಾಟ ಸೇರಿಸಿದರೆ ವೇಗ ಹೆಚ್ಚು ಕಾಣುತ್ತದೆ, ಆದರೆ ಮುಂದಿನ ತಿಂಗಳುಗಳಲ್ಲಿ ಅಂಥ ವಾರ ಇರುವುದಿಲ್ಲ. 14ರ ಲೆಕ್ಕದಲ್ಲಿ ನವೆಂಬರ್ ಶುರುವಿಗೆ 76 ಪ್ಯಾಕ್ ಉಳಿಯುವುದು ಖಚಿತವಾಗಿತ್ತು. ಪೂರ್ತಿ ಖಾಲಿಯಾಗಲು ಇನ್ನೂ ಐದೂವರೆ ತಿಂಗಳು ಬೇಕು.

ಇಲ್ಲಿಂದ ಮುಂದಿನದನ್ನು ದುಂಡು ಅಂಕಿಯಲ್ಲಿ ಹೇಳುತ್ತೇನೆ, ದರ ತಾಣದಿಂದ ತಾಣಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನಿಮ್ಮ ದರಪಟ್ಟಿಯ ಅಂಕಿ ಹಾಕಿಕೊಳ್ಳಿ. ಬಾಡಿಗೆ ಘನ ಅಡಿಗೆ ತಿಂಗಳಿಗೆ 40 ರೂಪಾಯಿ, ಸರ್‌ಚಾರ್ಜ್ 60 ರೂಪಾಯಿ ಎಂದಿಟ್ಟುಕೊಳ್ಳಿ. ಮುಕ್ಕಾಲು ಘನ ಅಡಿಯ ನನ್ನ ಪ್ಯಾಕಿಗೆ 180 ದಿನದವರೆಗೆ ತಿಂಗಳಿಗೆ 30, ಆಮೇಲೆ 75. ಇದರ ಮೇಲೆ 18% ಜಿಎಸ್‌ಟಿ ಇದೆ. ನೀವು ಮಾರುವ ಸರಕಿಗೆ ತೆರಿಗೆ ಇದ್ದರೆ ಆ ಜಿಎಸ್‌ಟಿ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ, ತೆರಿಗೆ ವಿನಾಯಿತಿಯ ಸರಕಾದರೆ ಬರುವುದಿಲ್ಲ, ಅದೂ ಖರ್ಚೇ. ಇದನ್ನು ಆಡಿಟರ್ ಹತ್ತಿರ ಕೇಳಿ ಖಾತ್ರಿ ಮಾಡಿಕೊಳ್ಳಿ. ಕೆಳಗಿನ ಲೆಕ್ಕದಲ್ಲಿ ನಾನು ಸೇರಿಸಿಲ್ಲ.

ಆನ್‌ಲೈನ್‌ನಲ್ಲಿ ಒಂದು ಪ್ಯಾಕ್ ಹೋದರೆ ಕಮಿಷನ್, ಪ್ಯಾಕಿಂಗ್, ಸಾಗಣೆ ಎಲ್ಲ ಕಳೆದು ಕೈಗೆ ಸಿಗುವುದು 330 ರೂಪಾಯಿ. ತಟ್ಟೆ ಮಾಡಲು ತಗುಲಿದ ಖರ್ಚನ್ನು ಇಲ್ಲಿ ಮಧ್ಯೆ ತರಬಾರದು. ಅದು ಆಗಲೇ ಹೋದ ದುಡ್ಡು, ಇಟ್ಟರೂ ತಂದರೂ ಬದಲಾಗುವುದಿಲ್ಲ. ಗೊತ್ತಾಗಬೇಕಾದದ್ದು, ಅದೇ ಪ್ಯಾಕ್ ವಾಪಸ್ ಬಂದರೆ ಎಷ್ಟು ಬೆಲೆ ಬಾಳುತ್ತದೆ ಎಂಬುದು. ಅದಕ್ಕೆ ಅಂದಾಜು ಸಾಲದು, ಕೊಳ್ಳುವವರ ಬಾಯಿಂದಲೇ ಬರಬೇಕು. ಶಿವಮೊಗ್ಗದಲ್ಲಿ ಮದುವೆ ಅಡುಗೆ ಹಿಡಿಯುವ ಭಟ್ಟರೊಬ್ಬರ ಹತ್ತಿರ ಸ್ಯಾಂಪಲ್ ತೆಗೆದುಕೊಂಡು ಹೋದೆ. ತಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ, “ನಿಮ್ಮ ಪ್ಯಾಕು ಗೀಕು ನಮಗೆ ಬೇಡ ಮಾರಾಯ್ರೆ, ಲೂಸಾಗಿ ಕೊಡಿ. ತಟ್ಟೆಗೆ ಏಳು ರೂಪಾಯಿ ಹಾಕಿ ಕೊಡ್ತೇನೆ, ಕಾರ್ತಿಕದಲ್ಲಿ ಮದುವೆ ಶುರುವಾದ ಮೇಲೆ ಬೇಕು” ಎಂದರು. 25 ತಟ್ಟೆಗೆ 175 ಆಯಿತು. ಅದರಲ್ಲಿ ಸರಕು ವಾಪಸ್ ಕಳಿಸಲು ವೇರ್‌ಹೌಸಿನವರು ಹಿಡಿಯುವ ರಿಮೂವಲ್ ಶುಲ್ಕ ಪ್ಯಾಕಿಗೆ 35, ಆಟೋ ಮತ್ತು ಕೂಲಿ 10, ಬರುವಾಗ ಒಡೆಯುವ, ಅಂಚು ಸೀಳುವ ತಟ್ಟೆಗಳ ಲೆಕ್ಕ 15 ಕಳೆದರೆ ಉಳಿಯುವುದು 115.

ಈಗ ತೀರ್ಮಾನ. ಒಂದು ಪ್ಯಾಕನ್ನು ಅಲ್ಲೇ ಬಿಟ್ಟರೆ 330ರಿಂದ ತಿಂಗಳಿಗೆ 75ರಂತೆ ಕರಗುತ್ತಾ ಹೋಗುತ್ತದೆ. 330ಕ್ಕೂ 115ಕ್ಕೂ ನಡುವಿನ ಅಂತರ 215. ಅದನ್ನು 75ರಿಂದ ಭಾಗಿಸಿದರೆ 2.87, ಸುಮಾರು ಮೂರು ತಿಂಗಳು. ಅಂದರೆ ಮೂರು ತಿಂಗಳೊಳಗೆ ಮಾರಾಟವಾಗುವ ಪ್ಯಾಕ್ ಅಲ್ಲೇ ಇರುವುದು ಲಾಭ, ಅದಕ್ಕಿಂತ ಹೆಚ್ಚು ಕಾಯಬೇಕಾದದ್ದು ಮನೆಗೆ ಬರುವುದು ಲಾಭ. ತಿಂಗಳಿಗೆ 14ರಂತೆ 2.87 ತಿಂಗಳಿಗೆ 40 ಪ್ಯಾಕ್. ಹಾಗಾಗಿ 40 ಬಿಟ್ಟು 36 ತರಿಸಿದೆ.

ಒಟ್ಟು ಮೊತ್ತದಲ್ಲಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 76ನ್ನೂ ಅಲ್ಲೇ ಬಿಟ್ಟಿದ್ದರೆ ಬಾಡಿಗೆ, ಸರ್‌ಚಾರ್ಜ್ ಕಳೆದು ಸುಮಾರು 9,600 ರೂಪಾಯಿ. 76ನ್ನೂ ತರಿಸಿದ್ದರೆ 8,740. 40 ಬಿಟ್ಟು 36 ತರಿಸಿದರೆ ಸುಮಾರು 13,000. ನಮ್ಮ ಸೆಲ್ಲರ್‌ಗಳಲ್ಲಿ ಹೆಚ್ಚಿನವರು “ಇಡುವುದೋ, ತೆಗೆಯುವುದೋ” ಎಂದು ಇಡೀ ಲಾಟಿನ ಮೇಲೆ ಯೋಚಿಸುತ್ತಾರೆ. ಆದರೆ ಸಾಲಿನ ಮೊದಲ ಪ್ಯಾಕಿಗೂ ಕೊನೆಯ ಪ್ಯಾಕಿಗೂ ಕಾಯುವ ಕಾಲ ಬೇರೆ. ಈ ವಾರ ಹೋಗುವ ಪ್ಯಾಕಿಗೆ ಬಾಡಿಗೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. 76ನೆಯದು ಐದೂವರೆ ತಿಂಗಳು ಕಾದರೆ 400 ರೂಪಾಯಿ ದಾಟುತ್ತದೆ, ಅಂದರೆ ಮಾರಿದರೂ ಕೈಯಿಂದ ಹೋಗುತ್ತದೆ. ತೆಗೆಯಬೇಕಾದದ್ದು ಆ ಬಾಲವನ್ನು ಮಾತ್ರ.

ಬೆಲೆ ಇಳಿಸಿದರೆ ಹೇಗೆ ಎನ್ನುವುದನ್ನೂ ನೋಡಿದೆ. ಹಿಂದೊಮ್ಮೆ 50 ರೂಪಾಯಿ ಕೂಪನ್ ಹಾಕಿದಾಗ ಮಾರಾಟ 22ರವರೆಗೆ ಏರಿತ್ತು. ಅದೇ ಲೆಕ್ಕ ಮತ್ತೆ ಹಾಕಿದರೆ 48 ಪ್ಯಾಕ್ ಅಲ್ಲಿ ಬಿಡಬಹುದು, 28 ತರಿಸಬಹುದು, ಒಟ್ಟು ಸುಮಾರು 12,700. ಹತ್ತಿರ ಹತ್ತಿರವೇ, ಆದರೆ ಗೆಲ್ಲಲಿಲ್ಲ. ಊರಿನಲ್ಲಿ ಕೊಳ್ಳುವವರು ಇಲ್ಲದ ಸರಕಾಗಿದ್ದರೆ ಮಾತ್ರ ಕೂಪನ್ನೇ ಸರಿ, ಆಗ 115ರ ಜಾಗದಲ್ಲಿ ಸೊನ್ನೆ ಹಾಕಿ ನೋಡಬೇಕಾಗುತ್ತದೆ.

ಇದೇ ಲೆಕ್ಕವನ್ನು ಸರ್‌ಚಾರ್ಜ್ ಇಲ್ಲದೆ, ತಿಂಗಳಿಗೆ 30ರಲ್ಲಿ ಮಾಡಿದರೆ ಏಳು ತಿಂಗಳವರೆಗೂ ಕಾಯಬಹುದು, ಒಂದು ಪ್ಯಾಕನ್ನೂ ತರಿಸುವ ಅಗತ್ಯ ಬರುವುದಿಲ್ಲ. ಹಾಗಾಗಿ ಗಡಿ ದಿನಾಂಕವೇ ಎಲ್ಲ. ಸರ್‌ಚಾರ್ಜ್ ತಿಂಗಳಿಗೆ ಒಮ್ಮೆ, ಒಂದು ನಿಗದಿತ ದಿನ ಅಲ್ಲಿ ಇರುವ ಸರಕನ್ನು ನೋಡಿ ಹಾಕುತ್ತಾರೆ. ಆ ದಿನ ಯಾವುದು, ರಿಮೂವಲ್ ಆರ್ಡರ್ ಕೊಟ್ಟ ದಿನದಿಂದ ಬಿಡುತ್ತಾರೋ ಸರಕು ಹೊರಬಿದ್ದ ಮೇಲೋ ಎನ್ನುವುದನ್ನು ನಿಯಮದಲ್ಲಿ ಓದಿಕೊಳ್ಳಿ. ನಾನು ಯಾವುದಕ್ಕೂ ಇರಲಿ ಎಂದು ಅಕ್ಟೋಬರ್ ಮಧ್ಯದಲ್ಲೇ ಆರ್ಡರ್ ಹಾಕಿದೆ. ಆರ್ಡರ್ ಹಾಕಿದ ಕೂಡಲೇ ಅಷ್ಟು ಪ್ಯಾಕ್ ಮಾರಾಟದಿಂದ ಹೊರಗೆ ಹೋಗುತ್ತವೆ, ಸರಕು ಕೈಗೆ ಸೇರಲು ವಾರಗಟ್ಟಲೆ ಹಿಡಿಯುತ್ತದೆ. ಮಾರಲಾಗದು ಎಂದು ಗುರುತಾದ, ಗ್ರಾಹಕರು ಹಿಂತಿರುಗಿಸಿದ ಪ್ಯಾಕುಗಳಿಗೂ ಬಾಡಿಗೆ ಓಡುತ್ತಲೇ ಇರುತ್ತದೆ. ಅವಕ್ಕೆ ಯಾವ ಲೆಕ್ಕವೂ ಬೇಡ, ಕಂಡ ದಿನವೇ ತೆಗೆಸಿ.

ಸರಕು ಒಂದೇ ಸಲ ಬರುವುದಿಲ್ಲ. ಬೇರೆ ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೇರೆ ದಿನ ಬಂತು. ಕೊರಿಯರ್ ಹುಡುಗ ಬಂದಾಗ ಓಟಿಪಿ ಕೊಡುವ ಮೊದಲು ಪೆಟ್ಟಿಗೆ ಎಣಿಸಿ, ಒಡೆದದ್ದಿದ್ದರೆ ಫೋಟೋ ತೆಗೆಯಿರಿ. ಪೆಟ್ಟಿಗೆ ಬಿಚ್ಚುವುದನ್ನು ನಾನು ವಿಡಿಯೋ ಮಾಡುತ್ತೇನೆ. ಕ್ಲೇಮ್‌ಗೆ ಗಡುವು ಇರುತ್ತದೆ, ಎಲ್ಲ ಪೆಟ್ಟಿಗೆ ಬರಲಿ ಎಂದು ಕಾಯುತ್ತಾ ಕೂತರೆ ಮೊದಲ ಪೆಟ್ಟಿಗೆಯ ಗಡುವು ಮುಗಿದಿರುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. 180ನೇ ದಿನ ಯಾವ ತಿಂಗಳಿಗೆ ಬೀಳುತ್ತದೆ ಎಂದು ಕಳಿಸುವ ದಿನವೇ ಕ್ಯಾಲೆಂಡರ್ ನೋಡಿ. ಮೇನಲ್ಲಿ ಕಳಿಸಿದ್ದಕ್ಕೆ ನವೆಂಬರ್ ಬಂತು, ಮಳೆ ನಿಂತಿತ್ತು, ಮದುವೆಗಳು ಮುಂದಿದ್ದವು. ಜನವರಿಯಲ್ಲಿ ಕಳಿಸಿದ್ದರೆ ಜುಲೈ ಬರುತ್ತಿತ್ತು. ಜುಲೈನಲ್ಲಿ ತೀರ್ಥಹಳ್ಳಿಗೆ ಹಾಳೆ ತಟ್ಟೆ ವಾಪಸ್ ಬಂದರೆ ಅದರ ಬೆಲೆ 115 ಅಲ್ಲ, ಬೂಸ್ಟು ಹಿಡಿದು ಅರ್ಧ ತಿಪ್ಪೆಗೆ ಹೋಗುತ್ತದೆ. ಆಗ ಕೂಪನ್ ಹಾಕಿ ಅಲ್ಲೇ ಮುಗಿಸುವುದೇ ವಾಸಿ.

ಈ ಸಲ ಪಾರ್ಟಿಷನ್ ತಟ್ಟೆಯನ್ನು ಒಂದು ಸಲಕ್ಕೆ 40 ಪ್ಯಾಕಿಗಿಂತ ಹೆಚ್ಚು ಕಳಿಸುತ್ತಿಲ್ಲ. ಉಳಿದದ್ದನ್ನು ಮಳೆಗಾಲಕ್ಕೆಂದು ಶಿವಮೊಗ್ಗ ಪೇಟೆಯಲ್ಲಿ ಬಾಡಿಗೆಗೆ ಹಿಡಿದ ಒಣ ಕೋಣೆಯಲ್ಲಿ, ನೆಲದಿಂದ ಮೇಲೆ ಹಲಗೆ ಹಾಕಿ ಇಟ್ಟಿದ್ದೇನೆ. ದುಂಡು ತಟ್ಟೆ ಮಾತ್ರ ಮೊದಲಿನಂತೆ ದೊಡ್ಡ ಲಾಟಿನಲ್ಲೇ ಹೋಗುತ್ತದೆ, ಅದು 180 ದಿನ ನೋಡಿದ್ದೇ ಇಲ್ಲ.