ಕೂಪನ್ ಬಾಂಡ್ ಬೆಲೆಯಿಂದ ಸ್ಪಾಟ್ ದರ, ಅದರಿಂದ ಫಾರ್ವರ್ಡ್ ದರ

ವಾರ್ಷಿಕ ಕೂಪನ್ ಕೊಡುವ, ಮುಖಬೆಲೆ ₹100ರ ಮೂರು ಬಾಂಡ್‌ಗಳಿವೆ ಎಂದುಕೊಳ್ಳಿ: 1 ವರ್ಷಕ್ಕೆ 6%, 2 ವರ್ಷಕ್ಕೆ 6.5%, 3 ವರ್ಷಕ್ಕೆ 7%. ಮೂರರ ಬೆಲೆಯೂ ₹100.

ಸ್ಪಾಟ್ ದರ ಎಂದರೆ ಅವಧಿಯ ಕೊನೆಗೆ ಒಂದೇ ಬಾರಿ ಸಿಗುವ ಹಣಕ್ಕೆ ಇಂದಿನಿಂದ ಅನ್ವಯಿಸುವ ವಾರ್ಷಿಕ ದರ. ಮೊದಲ ಸ್ಪಾಟ್ ದರ ನೇರವಾಗಿ 6%. ಎರಡನೆಯ ಬಾಂಡ್‌ನ ಮೊದಲ ಕೂಪನ್ನಿನ ಇಂದಿನ ಮೌಲ್ಯ 6.5/1.06 = 6.1321. ಇದನ್ನು ಬೆಲೆಯಿಂದ ಕಳೆದರೆ 93.8679 ಉಳಿಯುತ್ತದೆ. 106.5/93.8679 = 1.134573, ಇದರ ವರ್ಗಮೂಲದಿಂದ ಸಿಗುವ ದರ 6.516%. ಮೂರನೆಯದರಲ್ಲಿ ಮೊದಲ ಎರಡು ಕೂಪನ್‌ಗಳನ್ನು 1.06 ಮತ್ತು 1.134573ರಿಂದ ಭಾಗಿಸಿ ಹೀಗೆಯೇ ಕಳೆದರೆ 107/87.2265 = 1.226691, ಘನಮೂಲದಿಂದ 7.048%.

ಫಾರ್ವರ್ಡ್ ದರ ಎಂದರೆ ಮುಂದಿನ ಯಾವುದೋ ಒಂದು ವರ್ಷಕ್ಕೆ ಮಾತ್ರ ಅನ್ವಯಿಸುವ ದರ. ಅದಕ್ಕೆ ಮೂಲ ತೆಗೆಯುವ ಮೊದಲಿನ ಅಂಶಗಳನ್ನೇ ಭಾಗಿಸಿ. ಎರಡನೇ ವರ್ಷಕ್ಕೆ 1.134573/1.06, ಅಂದರೆ 7.04%, ಮೂರನೇ ವರ್ಷಕ್ಕೆ 1.226691/1.134573, ಅಂದರೆ 8.12%. ಶೇಕಡಾವಾರಿಗೆ ದುಂಡಾಗಿಸಿದ ಸ್ಪಾಟ್ ದರದಿಂದ ಮತ್ತೆ ಲೆಕ್ಕ ಶುರು ಮಾಡಬೇಡಿ.

ಹೆಚ್ಚು ಎಡವುವುದು ಬೆಲೆಯಲ್ಲೇ. ನಮ್ಮ ಸರ್ಕಾರಿ ಬಾಂಡ್‌ಗಳ ಬೆಲೆಯನ್ನು ಕೂಡಿಬಂದ ಬಡ್ಡಿ ಬಿಟ್ಟು ಹೇಳುತ್ತಾರೆ. ಆ ಬಡ್ಡಿ ಸೇರಿಸಿದ ಮೇಲೇ ಲೆಕ್ಕಕ್ಕೆ ತನ್ನಿ. ಮೂರನೆಯ ಬಾಂಡ್‌ನ ಬೆಲೆ ತಪ್ಪಾಗಿ ₹99.50 ಎಂದಾದರೆ ಸ್ಪಾಟ್ ದರ 7.25% ಆಗುತ್ತದೆ, ಅಷ್ಟೇನೂ ಕಣ್ಣಿಗೆ ಬೀಳದು. ಆದರೆ ಫಾರ್ವರ್ಡ್ 8.74%ಕ್ಕೆ ಜಿಗಿಯುತ್ತದೆ, ಏಕೆಂದರೆ ಮೂರು ವರ್ಷಕ್ಕೆ ಹಂಚಿಹೋಗಿದ್ದ ತಪ್ಪೆಲ್ಲ ಆ ಒಂದೇ ವರ್ಷದ ಮೇಲೆ ಬೀಳುತ್ತದೆ. ಹಾಗಾಗಿ ಒಂದು ವರ್ಷದ ಫಾರ್ವರ್ಡ್ ಮಾತ್ರ ವಿಚಿತ್ರವಾಗಿ ಏರಿದ್ದರೆ ಮೊದಲು ಆ ಅವಧಿಯ ಬಾಂಡ್ ಬೆಲೆಯನ್ನೇ ಪರಿಶೀಲಿಸಿ. ಅರ್ಧವಾರ್ಷಿಕ ಕೂಪನ್ನಿಗೆ ಕ್ರಮ ಇದೇ, ಹೆಜ್ಜೆ ಆರು ತಿಂಗಳದ್ದು.