ಮಾಳಿಗೆ ಮೇಲಿನ ಕರೆಂಟು ಯೂನಿಟ್‌ಗೆ ನಿಜವಾಗಿ ಎಷ್ಟು ಬಿತ್ತು

2024ರಲ್ಲಿ ಹುಬ್ಬಳ್ಳಿಯ ನಮ್ಮ ಮನೆ ಮಾಳಿಗೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಲು ಹೊರಟಾಗ, ಕೊಟೇಶನ್ ತಂದ ಹುಡುಗ ಹೇಳಿದ್ದು ಹೀಗೆ: "ಸರ, 1,80,000 ಖರ್ಚು. ವರ್ಷಕ್ಕ 4,200 ಯೂನಿಟ್, 25 ವರ್ಷ. ಯೂನಿಟ್‌ಗೆ 1 ರೂಪಾಯಿ 71 ಪೈಸೆ ಬೀಳ್ತದ."

ಭಾಗಾಕಾರ ಸರಿಯಿತ್ತು, ಲೆಕ್ಕ ತಪ್ಪಿತ್ತು. ನಾನು ಬ್ಯಾಂಕಿನಲ್ಲಿ ಸಾಲದ ಕಡತ ನೋಡಿದವನು. ದುಡ್ಡು ಇವತ್ತೇ ಕೈಬಿಡುತ್ತದೆ, ಕರೆಂಟು ಮಾತ್ರ 25 ವರ್ಷ ಕಂತುಕಂತಾಗಿ ಬರುತ್ತದೆ. ಆ ದುಡ್ಡಿಗೆ ಬಡ್ಡಿ ಬೇಡವೇ?

ಶೇ. 8 ಬಡ್ಡಿ ಹಿಡಿದೆ. ಮೊದಲು ಖರ್ಚು: 1,80,000ಕ್ಕೆ ತೊಳೆಯುವುದು, ರಿಪೇರಿ ಎಂದು ವರ್ಷಕ್ಕೆ 2,000 ಸೇರಿಸಿದೆ. 25 ವರ್ಷದ ಆ ಖರ್ಚಿನ ಇಂದಿನ ಬೆಲೆ 21,350. ಪ್ಯಾನೆಲ್ ಬಾಳಿದಷ್ಟು ಇನ್ವರ್ಟರ್ ಬಾಳುವುದಿಲ್ಲ. 12ನೇ ವರ್ಷಕ್ಕೆ ಹೊಸದಕ್ಕೆ 30,000 ಇಟ್ಟರೆ ಇವತ್ತಿನ ಲೆಕ್ಕದಲ್ಲಿ 11,900. ಒಟ್ಟು 2,13,250.

ಜನ ಬಿಟ್ಟುಬಿಡುವುದು ಮುಂದಿನ ಹೆಜ್ಜೆ. ಯೂನಿಟ್‌ಗಳನ್ನೂ ಅದೇ ಬಡ್ಡಿಯಲ್ಲಿ ಇಂದಿಗೆ ಇಳಿಸಬೇಕು, ಯಾಕೆಂದರೆ ಮುಂದೆಂದೋ ಉಳಿಯುವ ರೂಪಾಯಿಗೆ ಇವತ್ತಿನ ರೂಪಾಯಿಯ ತೂಕವಿಲ್ಲ. ಜೊತೆಗೆ ಪ್ಯಾನೆಲ್ ವರ್ಷಕ್ಕೆ ಶೇ. 0.7ರಷ್ಟು ಸೊರಗುತ್ತದೆ ಎಂದು ಹಿಡಿದೆ. ಮೊದಲ ವರ್ಷದ 4,200 ಯೂನಿಟ್ 3,889 ಆಯಿತು. 25ನೇ ವರ್ಷ ಬರುವ 3,548 ಯೂನಿಟ್‌ಗೆ ಇವತ್ತಿನ ತೂಕ ಬರೀ 518! ಎಲ್ಲ ಕೂಡಿದರೆ 42,360. ಖರ್ಚನ್ನು ಇದರಿಂದ ಭಾಗಿಸಿದಾಗ ಯೂನಿಟ್‌ಗೆ 5.03 ರೂಪಾಯಿ. ಸೂರ್ಯಘರ್ ಯೋಜನೆಯ 78,000 ಸಬ್ಸಿಡಿ ಕಳೆದ ಮೇಲೆ 3.19.

ಇನ್ನು ಹೆಸ್ಕಾಂ ದರ. ಒಟ್ಟು ಬಿಲ್ಲನ್ನು ಯೂನಿಟ್‌ಗಳಿಂದ ಭಾಗಿಸಿ ಹೋಲಿಸಬಾರದು. ನಿಗದಿತ ಶುಲ್ಕ ಸೋಲಾರ್ ಹಾಕಿದರೂ ಬಿಲ್ಲಿನಲ್ಲಿ ಇದ್ದೇ ಇರುತ್ತದೆ. ಉಳಿಯುವುದು ಬಳಕೆಯ ದರ ಮಾತ್ರ: ಆ ವರ್ಷ 5.90, ಅದರ ಮೇಲೆ ಶೇ. 9 ತೆರಿಗೆ, ಒಟ್ಟು 6.43. ನಮ್ಮ ಮನೆಯ ಬಳಕೆ ತಿಂಗಳಿಗೆ ಸುಮಾರು 350 ಯೂನಿಟ್, ಹಾಗಾಗಿ ನಮಗೆ ಹೊಂದಿತು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರು 3.19ನ್ನು ಹೋಲಿಸಬೇಕಾದದ್ದು ಸೊನ್ನೆಯ ಜೊತೆಗೆ. ನನ್ನನ್ನು ಕೇಳಿದವರಿಗೆ ಬೇಡವೆಂದೇ ಹೇಳಿದ್ದೇನೆ. ಬಳಸಿ ಮಿಕ್ಕಿ ಗ್ರಿಡ್‌ಗೆ ಹೋಗುವ ಯೂನಿಟ್‌ಗೂ 6.43 ಸಿಗುವುದಿಲ್ಲ. ಅದಕ್ಕೇ ಬಳಕೆಗಿಂತ ದೊಡ್ಡದು ಹಾಕಿಸಲಿಲ್ಲ.

ಮೊದಲ ಬೇಸಿಗೆಯಲ್ಲಿ ಇನ್ವರ್ಟರ್ ತೋರಿಸುವ ದಿನದ ಅಂಕಿ 14ರಿಂದ 11ಕ್ಕೆ ಇಳಿಯಿತು. ಬಿಸಿಲು ಅಷ್ಟೇ ಇತ್ತು. ಮೇಲೆ ಹೋಗಿ ಗಾಜಿನ ಮೇಲೆ ಬೆರಳೆಳೆದರೆ ಕೆಂಪು ಧೂಳಿನಲ್ಲಿ ಗೆರೆ ಮೂಡಿತು. ವರ್ಷವಿಡೀ ಹಾಗೇ ಬಿಟ್ಟು 3,600 ಯೂನಿಟ್‌ಗೆ ನಿಂತರೆ 3.19 ಹೋಗಿ 3.72 ಆಗುತ್ತದೆ. ಈಗ ಹದಿನೈದು ದಿನಕ್ಕೊಮ್ಮೆ, ಗಾಜು ಕಾಯುವ ಮೊದಲೇ, ಬೆಳಿಗ್ಗೆ ಆರೂವರೆಗೆ ನೀರು ಹಾಕಿ ಮೆತ್ತನೆ ಬಟ್ಟೆಯಿಂದ ಒರೆಸುತ್ತೇನೆ.